ಅಕ್ಕೋರು ತೆಗೆದುಕೊಳ್ಳದ ಉಸಿರು

ನನ್ನದು ಕಿವಿಯ ಕೆಲಸ. ಡೊಂಬಿವಲಿ ಈಸ್ಟಿನಲ್ಲಿ, ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು, ನಡುವೆ ನನ್ನ ರೆಕಾರ್ಡಿಂಗ್ ರೂಮು. ಭಜನಾ ಮಂಡಳಿ, ಶಾಲೆಯ ಗ್ಯಾದರಿಂಗು, ಕನ್ನಡ ಸಂಘದ ಕಾರ್ಯಕ್ರಮ, ಯಾವುದಿದ್ದರೂ ಮೈಕು ಹೊತ್ತು ಹೋಗುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಮಾಡಿಕೊಂಡು ಬಂದಿರುವುದರಿಂದ ಯಾರಾದರೂ ನನ್ನ ಕೆಲಸದಲ್ಲಿ ತಪ್ಪು ಹುಡುಕಿದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಈ ಕಥೆಯಲ್ಲಿ ಕೆಟ್ಟದ್ದೆಲ್ಲ ಆ ಸಿಟ್ಟಿನಿಂದಲೇ ಆದದ್ದು.

ಅಕ್ಕೋರು ಕಲ್ಯಾಣದಲ್ಲಿ ಹಾಡು ಕಲಿಸುತ್ತಿದ್ದರು. ಧಾರವಾಡದ ಕಡೆಯವರು. ಶಾಲೆಯ ಟೀಚರನ್ನು ಅಲ್ಲಿ ಕರೆಯುವ ಹಾಗೆ ಇಲ್ಲಿಯ ಕನ್ನಡದವರೆಲ್ಲ ಅವರನ್ನು ಅಕ್ಕೋರು ಅನ್ನುತ್ತಿದ್ದರು. ಉಡುಪಿ ಕಡೆಯವನಾದ ನನಗೂ ಅದೇ ರೂಢಿಯಾಯಿತು. ಎಪ್ಪತ್ತು ದಾಟಿದ್ದರು. ದೊಡ್ಡ ವೇದಿಕೆ ಅವರಿಗೆ ಸಿಗಲಿಲ್ಲ. ಆದರೆ ಅವರದೊಂದು ಕೈಚಳಕವಿತ್ತು, ಅಲ್ಲ, ಉಸಿರಿನ ಚಳಕ. ಮೊದಲು ತಾಳವಿಲ್ಲದೆ ಒಂದು ಉಗಾಭೋಗ ಹಾಡುತ್ತಿದ್ದರು. ಅದರ ಕೊನೆಯಲ್ಲಿ ಷಡ್ಜದ ಮೇಲೆ ನಿಂತು, ಕೇಳುವವರಿಗೇ ಎದೆ ಬಿಗಿಯುವಷ್ಟು ಹೊತ್ತು ನಿಂತು, ಉಸಿರು ತೆಗೆದುಕೊಳ್ಳದೆ ಅದೇ ಸ್ವರದಿಂದ ದೇವರನಾಮದ ಪಲ್ಲವಿಗೆ ಇಳಿಯುತ್ತಿದ್ದರು. ತಬಲಾ ಅಲ್ಲಿ ಬಂದು ಸೇರುತ್ತಿತ್ತು. "ನಮ್ಮ ಗುರುಗಳು ಕೊಟ್ಟಿದ್ದು ಇದೊಂದೇ ಆಸ್ತಿ ನೋಡ್ ತಮ್ಮಾ," ಎಂದು ನನಗೇ ಒಮ್ಮೆ ಹೇಳಿದ್ದರು.

ಸಂಘದ ಹಾಲಿನಲ್ಲಿ ಅವರ ಪೂರ್ತಿ ಕಛೇರಿಯೊಂದನ್ನು ನಾನು ರೆಕಾರ್ಡ್ ಮಾಡಿದೆ. ಅಂದು ಆ ಜಾಗ ಬಂದಾಗ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಅವರು ಉಸಿರು ತೆಗೆದುಕೊಳ್ಳಲಿಲ್ಲ. ಇದನ್ನು ಇಲ್ಲೇ ಬರೆದಿಡುತ್ತೇನೆ, ಏಕೆಂದರೆ ಆಮೇಲೆ ನಾನೇ ಅದನ್ನು ಮರೆತೆ.

ಸಂಘದವರಿಗೆ ಅದು ಲೈವ್ ಆಲ್ಬಮ್ ಆಗಬೇಕಿತ್ತು. ಪೆನ್‌ಡ್ರೈವಿನಲ್ಲಿ ಹಾಕಿ ಸದಸ್ಯರಿಗೆ ಹಂಚುವುದು, ಜನ ತಮಗೆ ಬೇಕಾದ ಹಾಡಿಗೆ ಸೀದಾ ಹೋಗುವಂತಿರಬೇಕು. ಸರಿ, ಎರಡು ಗಂಟೆಯ ಒಂದೇ ರೆಕಾರ್ಡಿಂಗನ್ನು ಒಂಬತ್ತು ತುಂಡು ಮಾಡಿ MP3 ಮಾಡಿ ಕೊಟ್ಟೆ. ಉಗಾಭೋಗ ನಾಲ್ಕನೆಯ ಟ್ರ್ಯಾಕು, ದೇವರನಾಮ ಐದನೆಯದು. ಕತ್ತರಿ ಬಿದ್ದದ್ದು ಆ ಷಡ್ಜದ ನಡುವೆ. ನಾನು ಹೆದರಲಿಲ್ಲ. ಸ್ಯಾಂಪಲ್ ಅಂದರೆ ಧ್ವನಿಯ ಅತಿ ಸಣ್ಣ ಚೂರು; ಒಂದು ಟ್ರ್ಯಾಕು ಮುಗಿದ ಸ್ಯಾಂಪಲಿನ ಪಕ್ಕದ ಸ್ಯಾಂಪಲಿನಿಂದಲೇ ಮುಂದಿನದು ಶುರು. ಒಂದು ಕೂದಲೆಳೆಯಷ್ಟೂ ಧ್ವನಿ ಕಳೆದಿರಲಿಲ್ಲ.

ಒಂದು ವಾರದ ಮೇಲೆ ಮಧ್ಯಾಹ್ನ ಅಕ್ಕೋರ ಫೋನು ಬಂತು. ಅವರ ಮನೆಯಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಹಾಡು ಕೇಳುವ ಒಂದು ಕೆಂಪು ಸ್ಪೀಕರ್ ಡಬ್ಬಿ ಇತ್ತು. ಅದರಲ್ಲಿ ಕೇಳಿದ್ದರು.

"ತಮ್ಮಾ, ನಾಕರದು ಮುಗದು ಐದರದು ಸುರು ಆಗೂವಾಗ ನನ್ನ ಉಸುರು ತುಂಡಾಗ್ಯದಲಾ. ನೀ ಏನರ ಕತ್ತರಸೀ ಏನು?"

"ಇಲ್ಲ ಅಕ್ಕೋರೇ, ಒಂಚೂರೂ ಕತ್ತರಿಸ್ಲಿಲ್ಲ."

"ತಂಬೂರಿನೂ ನಿಂತಂಗ ಅನಸ್ತದ ಅಲ್ಲೆ. ನೀ ಒಮ್ಮೆ ಬಂದು ನಮ್ಮ ಡಬ್ಬ್ಯಾಗ ಕೇಳಿ ನೋಡಲಾ."

ತಂಬೂರಿಯೂ ನಿಂತ ಹಾಗೆ. ಅವರು ರೋಗದ ಹೆಸರನ್ನೇ ನನ್ನ ಕೈಗಿಟ್ಟಿದ್ದರು. ಮನುಷ್ಯ ಉಸಿರು ತೆಗೆದುಕೊಂಡರೆ ತಂಬೂರಿ ಯಾಕೆ ನಿಲ್ಲುತ್ತದೆ? ಶಬ್ದದ ಕೆಲಸ ಕಲಿಯುವ ಯಾವ ಎಳೆಯನಿಗೂ ಹೊಳೆಯಬೇಕಾದ ಮಾತು. ಡೊಂಬಿವಲಿಯಿಂದ ಕಲ್ಯಾಣಕ್ಕೆ ನಡುವೆ ಠಾಕುರ್ಲಿ ಒಂದೇ ಸ್ಟೇಷನ್ನು. ಹೋಗಬಹುದಿತ್ತು. ನಾನು ಹೋಗಲಿಲ್ಲ, ಫೈಲು ಹಾಕಿ ಕೇಳಲೂ ಇಲ್ಲ. ಕಂಪ್ಯೂಟರಿನಲ್ಲಿ ಕತ್ತರಿಸಿದ ಜಾಗದ ಅಂಕಿಗಳನ್ನು ನೋಡಿದೆ. ಅಂಕಿಗೆ ಅಂಕಿ ಕೂಡಿತ್ತು. ಕಿವಿಯ ಕೆಲಸದವನು ಕಣ್ಣಿನಲ್ಲಿ ತೀರ್ಪು ಕೊಟ್ಟೆ.

"ಅಕ್ಕೋರೇ, ನನ್ನ ಕಡೆಯಿಂದ ಎಂತದೂ ತಪ್ಪಿಲ್ಲ. ನೀವೇ ಅಲ್ಲಿ ಉಸಿರು ತಗೊಂಡಿರ್ಬೇಕು. ವಯಸ್ಸಾಯ್ತಲ್ಲ, ಗೊತ್ತಾಗುದಿಲ್ಲ."

"ಹಂಗಿದ್ರ ಹಂಗ ಇರಬೇಕು ಬಿಡಪಾ. ಮಷೀನ ಬಲ್ಲಾಂವ ನೀನು," ಅಂದು ಫೋನು ಇಟ್ಟರು. ಗೆದ್ದೆ ಅನ್ನಿಸಿತು ನನಗೆ. ನಾಚಿಕೆಯಾಗುತ್ತದೆ ಬರೆಯಲಿಕ್ಕೆ, ಆದರೆ ಹಾಗೇ ಅನ್ನಿಸಿತು.

ಅದಾಗಿ ಎರಡು ವರ್ಷಕ್ಕೆ ಅಕ್ಕೋರು ತೀರಿಕೊಂಡರು. ಅವರ ಶಿಷ್ಯರು ವಾಶಿಯಲ್ಲಿ ಬಾಡಿಗೆಗೆ ಒಂದು ಹಾಲ್ ಹಿಡಿದು, ಭಾನುವಾರ ಬೆಳಿಗ್ಗೆ ಹಾಡಿನ ಕಾರ್ಯಕ್ರಮ ಇಟ್ಟರು. ಮೈಕಿಗೆ ನಾನೇ. ಹಿರಿಯ ಶಿಷ್ಯೆ ಇಲ್ಲೇ ಹುಟ್ಟಿ ಬೆಳೆದು ಇಲ್ಲಿಯ ಭಾಷೆ ಬೆರೆಸಿಯೇ ಮಾತಾಡುವವಳು, ಐರೋಲಿಯ ಆಫೀಸಿನಲ್ಲಿ ಕೆಲಸ ಮಾಡುವವಳು, ಅಕ್ಕೋರ ಕೊನೆಯ ದಿನಗಳಲ್ಲಿ ಅವರ ಜೊತೆಗಿದ್ದವಳು, ಈಗ ಅವರ ಕ್ಲಾಸನ್ನೂ ನಡೆಸುವವಳು. ಅವಳು ಉಗಾಭೋಗ ಎತ್ತಿಕೊಂಡಳು. ಒಳ್ಳೆಯ ಗಂಟಲು. ಷಡ್ಜಕ್ಕೆ ಬಂದಳು, ನಿಂತಳು, ಇನ್ನೇನು ಪಲ್ಲವಿಗೆ ಇಳಿಯಬೇಕು, ಒಂದು ಚಿಟಿಕೆಯಷ್ಟು ಹೊತ್ತು ಸ್ವರ ಬಿಟ್ಟು, ಉಸಿರು ಎಳೆದು, ಪಲ್ಲವಿ ಹಿಡಿದಳು. ಹೋಗಲಿ, ಇವಳಿಗೆ ಅಕ್ಕೋರ ಎದೆಗೂಡು ಇಲ್ಲ ಅಂದುಕೊಂಡೆ. ಆಮೇಲೆ ಸಣ್ಣ ಮಕ್ಕಳು ಐದು ಜನ ಕೂಡಿ ಅದನ್ನೇ ಹಾಡಿದರು. ಐವರೂ ಅಲ್ಲೇ, ಅಷ್ಟೇ ಹೊತ್ತು, ಒಟ್ಟಿಗೆ ಸ್ವರ ಬಿಟ್ಟರು. ನನ್ನ ಕೈ ಧ್ವನಿ ಏರಿಳಿಸುವ ಫೇಡರಿನ ಮೇಲೇ ಉಳಿಯಿತು.

ಚಹಾದ ಹೊತ್ತಿಗೆ ಅವಳನ್ನು ಕೇಳಿದೆ. "ಅಕ್ಕೋರು ಅಲ್ಲಿ ಉಸಿರು ತಗೊಳ್ತಾ ಇರ್ಲಿಲ್ಲ ಅಲ್ವಾ ಮಗಾ?"

"ನಾಹೀ ಕಾಕಾ, ನಂತರ್ ಅವರೇ ಹೀಗೆ ಶಿಕವ್ಲ, ಕಲಿಸಿದ್ರು. 'ಇಲ್ಲೆ ಉಸುರು ತಗೋರಿ, ನಾನೂ ಅವತ್ತು ಇಲ್ಲೇ ಮುರದೀನಿ, ಸುಳ್ಳ ಯಾಕ ಹೇಳ್ಲಿ' ಅಂದ್ರು. ರೆಕಾರ್ಡಿಂಗಲ್ಲೂ ಹಾಗೇ ಇದೆ ನಾ?"

ಅಕ್ಕೋರ ಕೆಂಪು ಡಬ್ಬಿ ಅವಳ ಹತ್ತಿರವೇ ಇತ್ತು. ಮಕ್ಕಳಿಗೆ ಕೇಳಿಸಲೆಂದು ತಂದಿದ್ದಳು. ಹಾಲಿನ ಹಿಂದಿನ ರೂಮಿನಲ್ಲಿ ನಾಲ್ಕನೆಯ ಟ್ರ್ಯಾಕು ಹಾಕಿದೆವು. ಷಡ್ಜ ಬಂತು, ನಿಂತಿತು, ಥಟ್ಟನೆ ಏನೂ ಇಲ್ಲ. ಅಕ್ಕೋರಿಲ್ಲ, ತಂಬೂರಿಯಿಲ್ಲ, ಸಂಘದ ಹಾಲಿನ ಫ್ಯಾನಿನ ಗುಂಯ್ ಕೂಡ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಎಲ್ಲವೂ ಒಟ್ಟಿಗೆ ವಾಪಸು ಬಂದು ಪಲ್ಲವಿ ಶುರು. ನನಗೆ ಅರ್ಥವಾಗಲು ಎರಡನೇ ಸಲ ಕೇಳಬೇಕಾಗಲಿಲ್ಲ.

ನನ್ನ ಕಸುಬಿನ ಮಾತು ಸ್ವಲ್ಪ ಹೇಳಬೇಕು. MP3 ಮಾಡುವ ಎನ್‌ಕೋಡರು ಧ್ವನಿಯನ್ನು ಸೇರಿನಲ್ಲಿ ಅಳೆಯುತ್ತದೆ ಅಂದುಕೊಳ್ಳಿ. ಒಂದು ಸೇರಿಗೆ 1152 ಸ್ಯಾಂಪಲ್. ಸೇರು ತುಂಬಲೇಬೇಕು. ಹಾಡು ಅರ್ಧ ಸೇರಿನಲ್ಲಿ ಮುಗಿದರೆ ಉಳಿದರ್ಧಕ್ಕೆ ನಿಶ್ಶಬ್ದ ಸುರಿಯುತ್ತದೆ. ತುದಿಯಲ್ಲಿ ಹೀಗಾದರೆ ಶುರುವಿನಲ್ಲಿ ಇನ್ನೊಂದು. ಪ್ರತಿ ಸೇರನ್ನೂ ಅಕ್ಕಪಕ್ಕದ್ದರ ಜೊತೆ ಬೆರೆಸಿ ಲೆಕ್ಕ ಹಾಕುವುದು ಅದರ ಕ್ರಮ. ಮೊದಲ ಸೇರಿನ ಹಿಂದೆ ಬೆರೆಸಲು ಏನೂ ಇರುವುದಿಲ್ಲವಲ್ಲ, ಅಲ್ಲಿಯೂ ನಿಶ್ಶಬ್ದ. ಅದಕ್ಕೆ ಎನ್‌ಕೋಡರ್ ಡಿಲೇ ಅನ್ನುತ್ತೇವೆ. ಫೈಲು ಬಿಚ್ಚಿ ನುಡಿಸುವಾಗ ಡಿಕೋಡರು ತನ್ನದೂ ಸ್ವಲ್ಪ ಸೇರಿಸುತ್ತದೆ. ಶುರುವಿನದೇ ಸೆಕೆಂಡಿನ ನಲವತ್ತರಲ್ಲೊಂದು ಪಾಲಾಗುತ್ತದೆ. ನಡುವೆ ಚಪ್ಪಾಳೆ ಇರುವ ಆಲ್ಬಮ್ಮಿನಲ್ಲಿ ಇದು ಸಣ್ಣ ಮುಗ್ಗರಿಕೆ. ಹಿಡಿದ ಸ್ವರದ ನಡುವೆ ಬಂದರೆ ಕತ್ತು ಹಿಸುಕಿದ ಹಾಗೆ.

ಎಷ್ಟು ನಿಶ್ಶಬ್ದ ಸೇರಿಸಿದೆ ಎಂದು ಒಳ್ಳೆಯ ಎನ್‌ಕೋಡರು ಫೈಲಿನ ತಲೆಯಲ್ಲೇ ಚೀಟಿ ಬರೆದಿಡುತ್ತದೆ. ಗ್ಯಾಪ್‌ಲೆಸ್ ಪ್ಲೇಯರುಗಳು ಆ ಚೀಟಿ ಓದಿ, ಅಷ್ಟನ್ನು ಸವರಿ, ಮುಂದಿನ ಫೈಲನ್ನು ಮೊದಲೇ ತೆರೆದಿಟ್ಟುಕೊಂಡು ತುಂಡಿಗೆ ತುಂಡು ಅಂಟಿಸುತ್ತವೆ. ನನ್ನ ರೂಮಿನ ಕಂಪ್ಯೂಟರಿನಲ್ಲಿ ಅಂಥದ್ದೇ ಇದೆ. ಅವತ್ತು ನಾನು ಕೇಳಿದ್ದರೂ ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಕ್ಕೋರ ಡಬ್ಬಿಗೆ ಚೀಟಿ ಓದಲು ಬರುವುದಿಲ್ಲ. ಸಾಲದ್ದಕ್ಕೆ ಒಂದು ಫೈಲು ಮುಚ್ಚಿ ಇನ್ನೊಂದು ತೆರೆಯಲು ಅದು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ. ಎಲ್ಲ ಸೇರಿದರೆ ಸರಿಯಾಗಿ ಒಬ್ಬ ಗಾಯಕಿ ಗುಟ್ಟಾಗಿ ಉಸಿರು ಎಳೆದುಕೊಳ್ಳುವಷ್ಟು. ಇಷ್ಟೆಲ್ಲ ನನಗೆ ಗೊತ್ತಿರದ ವಿದ್ಯೆಯಲ್ಲ. ಆ ಡಬ್ಬಿಯ ಎದುರು ಐದು ನಿಮಿಷ ಕೂತಿದ್ದರೆ ಸಾಕಿತ್ತು. ಉಗಾಭೋಗ, ದೇವರನಾಮ ಎರಡನ್ನೂ ಒಂದೇ ಟ್ರ್ಯಾಕು ಮಾಡಿದ್ದರೆ ಅದೂ ಬೇಕಿರಲಿಲ್ಲ.

ಮುಂದಿನ ಭಾನುವಾರ ಕತ್ತರಿಸದ ಮೂಲ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಕಲ್ಯಾಣಕ್ಕೆ ಹೋದೆ. ಅದೇ ಲೋಕಲ್, ಅದೇ ಠಾಕುರ್ಲಿ. ಮನೆ ಬಾಗಿಲಿಗೆ ಹನ್ನೆರಡು ನಿಮಿಷ ನಡೆದೆ. ಎರಡು ವರ್ಷ ಹಿಂದೆ ನಡೆಯದ ಹನ್ನೆರಡು ನಿಮಿಷ. ಅಕ್ಕೋರ ರೂಮಿನಲ್ಲೇ ಕ್ಲಾಸು. ಮಕ್ಕಳು ಇನ್ನೂ ಬಂದಿರಲಿಲ್ಲ. ಶಿಷ್ಯೆಗೆ ಹೆಡ್‌ಫೋನ್ ಕೊಟ್ಟೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಷಡ್ಜ ಎಲ್ಲಿ ಬಂತು, ಎಲ್ಲಿ ಪಲ್ಲವಿಗೆ ಹೊರಳಿತು ಎಂದು ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು.

"ಮ್ಹಣಜೇ, ಅಂದ್ರೆ, ಅಕ್ಕೋರು ಮುರಿದೇ ಇರ್ಲಿಲ್ಲ," ಅಂದಳು.

"ಇಲ್ಲ. ಮುರಿದದ್ದು ನನ್ನ ಫೈಲು. ಅವರು ಫೋನು ಮಾಡಿ ಕೇಳಿದಾಗ ನಾನೇ ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದೆ, ಆದರೆ ಹೇಳಿದೆ."

ಅವಳು ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನಿಧಾನವಾಗಿ ಹೇಳತೊಡಗಿದಳು. ಆ ಫೋನಿನ ನಂತರ ಅಕ್ಕೋರು ದಿನಾ ಬೆಳಿಗ್ಗೆ ಸಾಧನೆಗೆ ಕೂತು ಆ ಒಂದು ಜಾಗ ಮಾತ್ರ ಹಾಡುತ್ತಿದ್ದರಂತೆ. ಮುರಿಯುತ್ತಿರಲಿಲ್ಲ. ಇವಳು ಎದುರಿಗೆ ಕೂತು ಕೇಳಿದ್ದಾಳೆ, ಒಂದೇ ಉಸಿರು. ಹಾಡಿಯಾದ ಮೇಲೆ ಡಬ್ಬಿ ಹಚ್ಚಿ ನಾಲ್ಕು, ಐದು ಕೇಳುವುದು. ಕೇಳಿ, "ಮನ್ಯಾಗ ಬರತದ ನೋಡು, ಮಂದಿ ಮುಂದ ಕೈ ಕೊಡ್ತು," ಅನ್ನುವುದು. ಕೆಲವು ತಿಂಗಳಾದ ಮೇಲೆ ಅದನ್ನೂ ಬಿಟ್ಟರು. ಸಂಘದವರು ಇನ್ನೊಮ್ಮೆ ಕರೆದಾಗ ಹೋಗಲಿಲ್ಲ. ಮಕ್ಕಳ ಹಾಡಿನ ನೋಟುಬುಕ್ಕಿನಲ್ಲಿ ಆ ಜಾಗಕ್ಕೆ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿಸಿದರು.

ಅಷ್ಟರಲ್ಲಿ ಮಕ್ಕಳು ಬಂದರು. ನಾನು ಹೊಸ ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ಎರಡೂ ಒಂದೇ ಟ್ರ್ಯಾಕು. ಅವಳು ಮಕ್ಕಳಿಗೆ ರಬ್ಬರು ತೆಗೆಯಲು ಹೇಳಿ, ಗುರುತು ಅಳಿಸಿಸಿ, ಮೊದಲು ತಾನೇ ಹಾಡಿ ತೋರಿಸಲು ಹೋದಳು. ಅಲ್ಲಿಗೆ ಬರುತ್ತಲೇ ಅವಳ ಎದೆ ತಾನಾಗಿ ಉಸಿರು ಎಳೆದುಕೊಂಡಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಮತ್ತೆ ಹಾಗೇ. "ಸವಯ್ ಝಾಲೀ ಕಾಕಾ," ಅಂದಳು, ರೂಢಿಯಾಗಿಬಿಟ್ಟಿದೆ ಎಂದು. ಮಕ್ಕಳು ನಕ್ಕರು. ಮಕ್ಕಳಿಗೂ ಬರಲಿಲ್ಲ.

ಹೊರಡುವಾಗ ಅವಳು ಮೆಟ್ಟಿಲವರೆಗೆ ಬಂದಳು.

"ಕಾಕಾ, ಒಂದು ನಿರೋಪ್ ಇತ್ತು, ಅಕ್ಕೋರು ನಿಮಗೆ ತಿಳಿಸು ಅಂತ ಹೇಳಿದ್ದು. ಸಾರೀ, ನಾನು ಮರೆತೇ ಬಿಟ್ಟಿದ್ದೆ."

"ಎಂತದು?"

ಅವಳು ಅಕ್ಕೋರ ಮಾತನ್ನು ಅವರ ಧಾರವಾಡದ ದನಿಯಲ್ಲೇ ಹೇಳಿದಳು. "'ಆ ರೆಕಾರ್ಡಿಂಗ ಮಾಡೂ ಹುಡುಗನ ಮ್ಯಾಲ ಸುಮ್ಮನ ಸಂಶೆ ಪಟ್ಟೆ. ತಪ್ಪು ನಂದ ಇತ್ತು. ಸಿಕ್ಕಾಗ ಅಂವಗ ತಪ್ಪಾತು ಅಂತ ಹೇಳು.'"

ಸ್ಟೇಷನ್ನಿಗೆ ನಡೆದು ಬಂದೆ. ಎರಡು ಲೋಕಲ್ ಬಂದವು, ಹೋದವು. ನಾನು ಹತ್ತಲಿಲ್ಲ. ತಪ್ಪಾಯಿತು ಎಂದು ಹೇಳಲು ಈಗ ಕಲ್ಯಾಣದಲ್ಲಿ ನನಗೆ ಯಾರೂ ಇಲ್ಲ.