ಇಪ್ಪತ್ತಾರು ವರ್ಷದ ಪೆಟ್ರೋಲ್

ಚನ್ನಗಿರಿಯ ಪ್ರಸನ್ನಕುಮಾರ್ ಮೂವತ್ತು ವರ್ಷ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಬದುಕಿದವರು. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುತ್ತಿದ್ದರು. ಹೆಂಡತಿ ಶಾಂತಾದೇವಿ ಹೊನ್ನಾಳಿ ಕಡೆಯವರು, ಶಾಲೆಯಲ್ಲಿ ಗಣಿತದ ಮೇಡಂ. ಕಳೆದ ವರ್ಷ ಆಕೆಯ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿದೆ ಎಂದು ಗೊತ್ತಾಯಿತು. ಇಪ್ಪತ್ತೊಂದು ದಿನಕ್ಕೊಮ್ಮೆ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕು. ಬಸ್ಸಿನ ಕುಲುಕಾಟ ಆಕೆಗೆ ತಡೆಯಲಾಗುತ್ತಿರಲಿಲ್ಲ. ನ್ಯಾಮತಿಯಲ್ಲಿ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಸೈಟು ಮಾರಿ ಕಾರು ತೆಗೆದುಕೊಳ್ಳೋಣವೆಂದು ಇಬ್ಬರೂ ದಾವಣಗೆರೆಯ ಶೋರೂಮಿಗೆ ಹೋದರು.

ಸೇಲ್ಸ್‌ನ ರಂಗನಾಥ್ ಒಂದೇ ಕಾರಿನ ಎರಡು ಬಗೆ ತೋರಿಸಿದ. ಒಂದು ಬರೀ ಪೆಟ್ರೋಲ್. ಇನ್ನೊಂದು ಹೈಬ್ರಿಡ್, ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಮೋಟಾರು. ಅದಕ್ಕೆ ಮೂರು ಲಕ್ಷದ ಇಪ್ಪತ್ತು ಸಾವಿರ ಜಾಸ್ತಿ. ಅದರ ಸ್ಟಾರ್ಟ್ ಗುಂಡಿ ಒತ್ತಿದರೂ ಸದ್ದೇ ಇಲ್ಲ. ಪ್ರಸನ್ನಕುಮಾರ್ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು, ನಡುಕವೂ ಇಲ್ಲ. ಅವರ ಮನಸ್ಸು ಅಲ್ಲೇ ಸೋತಿತು.

"ಇದನ್ನೇ ತಗೊಳಾಣ ಶಾಂತಾ. ಮೋಟಾರಿನ ಕಾರು."

ಸೋಫಾದಲ್ಲಿ ದಿಂಬಿಗೆ ಒರಗಿದ್ದ ಶಾಂತಾದೇವಿ ರಂಗನಾಥನನ್ನು ಕೇಳಿದರು. "ಲೀಟರಿಗೆ ಎಷ್ಟು ಕೊಡ್ತೈತೆ?"

"ಇಪ್ಪತ್ತೇಳು ಮೇಡಂ."

"ನಾವು ಓಡಾಡೋದೆಲ್ಲ ಹೈವೇದಾಗೆ. ಅಲ್ಲಿ?"

ಹುಡುಗ ಸುತ್ತ ನೋಡಿ ದನಿ ತಗ್ಗಿಸಿದ. "ನೂರರ ಸ್ಪೀಡಲ್ಲಿ ಇಪ್ಪತ್ತೆರಡು ಬಂದರೆ ಪುಣ್ಯ ಮೇಡಂ. ಬರೀ ಪೆಟ್ರೋಲಿಂದು ಹದಿನೆಂಟು. ಊರೊಳಗಾದ್ರೆ ಹೈಬ್ರಿಡ್ ಎರಡರಷ್ಟು ಕೊಡ್ತೈತೆ. ಹೈವೇದಾಗೆ ಬಹಳ ಹೊತ್ತು ಇಂಜಿನ್ನೇ ಓಡ್ತೈತೆ."

ಪ್ರಸನ್ನಕುಮಾರ್‌ಗೆ ತಟ್ಟನೆ ಹೊಳೆಯಿತು. ಬ್ರೇಕ್ ಹಾಕಿದಾಗ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿ ತುಂಬುತ್ತದೆ. ಹೆದ್ದಾರಿಯಲ್ಲಿ ಬ್ರೇಕ್ ಹಾಕುವುದೇ ಅಪರೂಪ. ಆದರೂ ಬಾನೆಟ್ ಮೇಲಿನ ಕೈ ತೆಗೆಯಲಿಲ್ಲ.

ಶಾಂತಾದೇವಿ ಆಸ್ಪತ್ರೆಯ ಚೀಟಿಯ ಹಿಂದೆ ಬರೆದರು. ಲೀಟರು ನೂರಾ ಮೂರು ರೂಪಾಯಿ. ಕಿಲೋಮೀಟರಿಗೆ ಉಳಿಯುವುದು ಒಂದು ರೂಪಾಯಿ ಚಿಲ್ಲರೆ. ಆಸ್ಪತ್ರೆಯ ಓಡಾಟ, ಊರ ಕಡೆಯ ಓಡಾಟ ಎಲ್ಲ ಸೇರಿ ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರು.

"ಜಾಸ್ತಿ ಕೊಟ್ಟ ದುಡ್ಡು ವಾಪಸ್ ಬರಾಕೆ ಇಪ್ಪತ್ತಾರು ವರ್ಷ ಬೇಕು ಕಣ್ರೀ," ಎಂದು ಪೆನ್ನಿನ ಮುಚ್ಚಳ ಹಾಕಿದರು. "ನನಗೆ ಅಷ್ಟು ಪುರುಸೊತ್ತಿಲ್ಲ. ಪೆಟ್ರೋಲಿಂದೇ ಸಾಕು. ಮಿಕ್ಕಿದ್ದು ಔಷಧಿಗಾಗ್ಲಿ."

ರಂಗನಾಥ್ ಪೆಟ್ರೋಲ್ ಕಾರಿನ ಫಾರಂ ತೆಗೆದ. ಪ್ರಸನ್ನಕುಮಾರ್ ಹೊರಗೆ ಹೋಗಿ ನೀರಿನ ಬಾಟಲಿ ಕೊಂಡು, ಕುಡಿಯದೆ ಹಿಡಿದುಕೊಂಡು ಬಂದರು.

ರಂಗನಾಥ್ ಹೇಳಿದ ಮಾತನ್ನು ಪೆಟ್ರೋಲ್ ಕಾರು ನಡೆಸಿಕೊಟ್ಟಿತು. ಚಿತ್ರದುರ್ಗ ದಾಟಿದ ಮೇಲೆ ಹದಿನೆಂಟು, ಒಮ್ಮೊಮ್ಮೆ ಹತ್ತೊಂಬತ್ತು. ಶಾಂತಾದೇವಿ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಎಷ್ಟು ಕೊಡುತ್ತಿದೆ ಎಂದು ಕೇಳುತ್ತಿದ್ದರು, ಪ್ರಸನ್ನಕುಮಾರ್ ಹೇಳುತ್ತಿದ್ದರು. ಆಕೆಗೆ ಅದೊಂದು ಸಮಾಧಾನ.

ಏಪ್ರಿಲ್‌ನಲ್ಲಿ ಹನ್ನೆರಡನೆಯ ಸಲ ಹೋದಾಗ ಡಾಕ್ಟರು ಪ್ರಸನ್ನಕುಮಾರ್ ಅವರನ್ನು ಒಳಗೆ ಕರೆದು, ಇನ್ನು ಬರುವುದು ಬೇಡ, ನೋವಿಗಷ್ಟೇ ಮಾತ್ರೆ ಕೊಡುತ್ತೇನೆ ಎಂದರು. ವಾಪಸ್ ಬರುವಾಗ ನೆಲಮಂಗಲಕ್ಕೆ ಮುಂಚೆ ಲಾರಿಯೊಂದು ಮಗುಚಿ ದಾರಿ ಕಟ್ಟಿತ್ತು. ಮಟಮಟ ಮಧ್ಯಾಹ್ನ. ಹತ್ತು ಅಡಿ ಸರಿಯುವುದು, ಮತ್ತೆ ನಿಲ್ಲುವುದು. ನಿಂತಲ್ಲೇ ಇಂಜಿನ್ ಸಣ್ಣಗೆ ನಡುಗುತ್ತಿತ್ತು. ಬೇರೆಯವರಿಗೆ ತಿಳಿಯದಷ್ಟು ಸಣ್ಣ ನಡುಕ. ಅದು ಸೀಟು ಹಾದು ಆಕೆಯ ಬೆನ್ನಿಗೆ ಸೇರುತ್ತಿತ್ತು.

"ಆಫ್ ಮಾಡ್ರಿ," ಎಂದು ಆಕೆ ನರಳಿದರು. ಆಫ್ ಮಾಡಿದರೆ ಏಸಿ ನಿಂತು ಒಳಗೆಲ್ಲ ಕಾದ ಕಾವಲಿ. ಐದು ನಿಮಿಷಕ್ಕೆ ಆಕೆಯ ಉಸಿರು ಏರಿತು. ಮತ್ತೆ ಆನ್ ಮಾಡಿದರು, ಮತ್ತೆ ನರಳಾಟ. ಹೀಗೆ ಎರಡು ತಾಸು. ಆ ಹೈಬ್ರಿಡ್ ಆಗಿದ್ದರೆ ಇಂಜಿನ್ ಬಹುಪಾಲು ಸುಮ್ಮನಿದ್ದು, ಬ್ಯಾಟರಿಯೇ ಏಸಿ ಓಡಿಸುತ್ತಿತ್ತು. ಮೋಟಾರು ಬಲ್ಲ ತಮಗೆ ಇದು ಅವತ್ತೇ ಹೊಳೆಯಬೇಕಿತ್ತು.

"ಅದನ್ನೇ ತಗೋಬೇಕಿತ್ತು ಶಾಂತಾ," ಎಂದು ಸ್ಟೇರಿಂಗ್ ಮೇಲೆ ಹಣೆ ಇಟ್ಟರು.

"ಲೆಕ್ಕ ಸರಿ ಇತ್ತು ರೀ," ಎಂದರು ಆಕೆ. "ನಿಂತ ಹೊತ್ತನ್ನ ನಾನೇ ಸೇರಿಸಲಿಲ್ಲ."

ಅದಾಗಿ ಹದಿನೆಂಟನೆಯ ದಿನ ಶಾಂತಾದೇವಿ ಮನೆಯಲ್ಲೇ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಜಗಳೂರಿನ ಓಬಳೇಶ್ ಎಂಬ ಬೀಜದ ವ್ಯಾಪಾರಿ ಕಾರು ನೋಡಲು ಬಂದ. ಏಳು ಸಾವಿರವೂ ಓಡಿರದ ಗಾಡಿ ಯಾಕೆ ಕೊಡುತ್ತೀರಿ ಎಂದು ಕೇಳಿದ್ದಕ್ಕೆ ಪ್ರಸನ್ನಕುಮಾರ್ ಕೀಲಿಯನ್ನು ಅವನ ಕೈಗಿಟ್ಟರು.

"ಹೈವೇಗೆ ಹೆಂಗೈತೆ ಸರ್?"

"ಹದಿನೆಂಟು ಕೊಡ್ತೈತೆ. ಸುಳ್ಳಿಲ್ಲ."

ಓಬಳೇಶ್ ದುಡ್ಡು ಕೊಟ್ಟು ಕಾರು ತೆಗೆದುಕೊಂಡು ಹೋದ. ಪ್ರಸನ್ನಕುಮಾರ್ ಅದು ತಿರುವು ದಾಟುವವರೆಗೂ ನಿಂತು, ಆಮೇಲೆ ಅಂಗಡಿಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಮೋಟಾರನ್ನು ಮುಂದಕ್ಕೆ ಎಳೆದುಕೊಂಡರು.