ಇಪ್ಪತ್ನಾಲ್ಕು ಮುಯ್ಯಾಳು

ಆ ವರ್ಷ ನನ್ನ ಶೇಂಗಾ ಕ್ವಿಂಟಾಲಿಗೆ ಆರು ಸಾವಿರದ ಮೂವತ್ಮೂರು ರೂಪಾಯಿ ಖರ್ಚು ತಿಂದು, ಚಳ್ಳಕೆರೆ ಮಾರುಕಟ್ಟೆಯಲ್ಲಿ ಐದು ಸಾವಿರದ ಆರುನೂರಕ್ಕೆ ಹೋಯಿತು. ಬದುವಿನ ಆಚೆಯ ಭಾವನವರ ಶೇಂಗಾವೂ ಅದೇ ದಿನ, ಅದೇ ಬೆಲೆಗೆ ಹೋಯಿತು. ಅವರ ಖರ್ಚು ಮಾತ್ರ ಕ್ವಿಂಟಾಲಿಗೆ ನಾಲ್ಕು ಸಾವಿರದ ಎಂಟುನೂರು.

ಭಾವನವರೆಂದರೆ ನನ್ನ ಗಂಡನ ಅಣ್ಣ. ಹತ್ತಿರದ ಹಳ್ಳಿ ಸಿದ್ದಾಪುರದ ಕಡೆಗೆ ಅವರದು ಐದು ಎಕರೆ, ನಮ್ಮದು ಮೂರು. ಟ್ರ್ಯಾಕ್ಟರ್ ಎರಡೂ ಮನೆಗೆ ಸೇರಿದ್ದು. ಕೀಲಿ ಮಾತ್ರ ಅವರ ಉಡಿದಾರದಲ್ಲಿ.

ಮಾರಿ ಬಂದ ಮರುದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು, ಚೀಟಿಯ ಹಿಂದೆ ಬರೆದಿದ್ದನ್ನು ಓದಿ ಹೇಳಿದರು: "ನೋಡಮ್ಮ, ಅದೇ ಬೀಜ, ಅದೇ ಮಳೆ, ಎಕರೆಗೆ ನಾಕು ಕ್ವಿಂಟಾಲು ನಂಗೂ ಬಂತು, ನಿಂಗೂ ಬಂತು. ನಂಗೆ ಎಂಟುನೂರು ಉಳೀತು, ನಿಂಗೆ ನಾನೂರು ಚಿಲ್ಲರೆ ಕೈ ಬಿಡ್ತು. ನಿನ್ ಕೈಲಿ ಆಗಲ್ಲ. ಗುತ್ತಿಗೆಗೆ ಕೊಟ್ಬಿಡು. ಎಕರೆಗೆ ಆರು ಸಾವಿರ ಕೊಡ್ತೀನಿ. ಕಳೆ ತೆಗಿಯಾಕೆ ಬಂದ್ರೆ ಕೂಲೀನೂ ಕೊಡ್ತೀನಿ."

ನಮ್ಮ ಮನೆಯವರು ಅಣ್ಣನೆದುರು ಬಾಯಿ ಬಿಡುವ ಜಾತಿಯಲ್ಲ. ದನಕ್ಕೆ ನೀರು ಕುಡಿಸುವ ನೆಪ ಹಿಡಿದು ಎದ್ದುಹೋದರು. ನಾನು "ನಾಡಿದ್ದು ಹೇಳ್ತೀನಿ ಭಾವ" ಎಂದೆ. ಮಳೆ ಬಾರದಿದ್ದರೆ ಚಿಂತೆ ಮಾಡುವವಳು, ಬಂದರೆ ನಿಲ್ಲುವುದೋ ಇಲ್ಲವೋ ಎಂದು ಚಿಂತೆ ಮಾಡುವವಳು ನಾನು. ನನ್ನ ಹೊಲದಲ್ಲಿ ನಾನೇ ಕೂಲಿಯವಳಾಗಿ ಬಗ್ಗುವ ಚಿತ್ರ ಬಂದ ಮೇಲೆ ಎರಡು ದಿನ ನನ್ನ ಅಡುಗೆಗೆ ಉಪ್ಪು ಸರಿಹೋಗಲಿಲ್ಲ.

ನೋಟ್‌ಬುಕ್ಕು ತೆಗೆದೆ. ಬೀಜ, ಗೊಬ್ಬರ, ಜಿಪ್ಸಂ, ಬಿತ್ತಿದ್ದು, ಕಿತ್ತಿದ್ದು, ಕಾಯಿ ಬಿಡಿಸಿದ್ದು, ಚೀಲ, ಬಾಡಿಗೆ ಎಲ್ಲ ಸೇರಿ ಎಕರೆಗೆ ಹದಿನಾರು ಸಾವಿರ. ಇದು ಎರಡೂ ಹೊಲಕ್ಕೆ ಸಮ. ಬಳ್ಳಿ ಅವರವರ ದನಕ್ಕೆ ಹೋಗಿತ್ತು. ಅದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾದರೆ ನಾನು ಎಡವಿದ್ದು ಎಲ್ಲಿ?

ಮೊದಲು ಸಿಕ್ಕಿದ್ದು ಟ್ರ್ಯಾಕ್ಟರ್. ಡೀಸೆಲ್ಲು, ಡ್ರೈವರು, ರಿಪೇರಿ ಸೇರಿ ಎಂಟು ಎಕರೆಗೆ ಮೂವತ್ತೆರಡು ಸಾವಿರ. ಅಣ್ಣತಮ್ಮಂದಿರಲ್ಲವೇ, ಅರ್ಧ ಅರ್ಧ ಎಂದು ಹದಿನಾರು ಸಾವಿರ ನಾವೂ ಕೊಟ್ಟಿದ್ದೆವು. ಅವರ ಹದಿನಾರು ಐದು ಎಕರೆಗೆ ಹಂಚಿಹೋಯಿತು, ನಮ್ಮ ಹದಿನಾರು ಮೂರೇ ಎಕರೆಗೆ. ಎಕರೆಗೆ ಅವರಿಗೆ ಮೂರು ಸಾವಿರದ ಇನ್ನೂರು, ನನಗೆ ಐದು ಸಾವಿರದ ಮುನ್ನೂರ ಮೂವತ್ಮೂರು. ನಾಲ್ಕು ವರ್ಷದಿಂದ ಆ ಪುಸ್ತಕ ಬರೆಯುತ್ತಿದ್ದವಳು ನಾನೇ. ಕೈಬರಹ ಚೆನ್ನಾಗಿದೆ ಎಂದು ಊರಲ್ಲಿ ಹೆಸರು ಬೇರೆ.

ಎರಡನೆಯದು ಪುಸ್ತಕದಲ್ಲಿ ಇರಲೇ ಇಲ್ಲ. ಕಳೆಗೆ ಆಳು ಹಿಡಿದ ಕೂಲಿ ನನ್ನ ಪಟ್ಟಿಯಲ್ಲಿ ಎಂಟು ಸಾವಿರದ ನಾನೂರು, ಭಾವನವರ ಚೀಟಿಯಲ್ಲಿ ಸೊನ್ನೆ. ಐದು ಎಕರೆಯ ಕಳೆ ಸೊನ್ನೆಗೆ ತಾನಾಗಿ ಕಿತ್ತುಬರುವುದಿಲ್ಲ. ಅವರ ಮನೆಯ ಹೆಂಗಸರ ಜೊತೆ ಬಗ್ಗಿ ಕಿತ್ತವರು ನಾನು, ನನ್ನ ಮಗಳು. ಮುಯ್ಯಾಳಾಗಿ ಹೋಗಿದ್ದೆವು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದಕ್ಕೆ ದುಡ್ಡಿಲ್ಲ, ಆದ್ದರಿಂದ ಬರವಣಿಗೆಯೂ ಇಲ್ಲ. ನಮ್ಮ ಹೊಲದ ಸರದಿ ಬರುವಷ್ಟರಲ್ಲಿ ಕಳೆ ಮೊಣಕಾಲಿಗೆ ಬಂದಿತ್ತು, ಭಾವನವರ ಮನೆಯಲ್ಲಿ ಬೇರೆ ಕೆಲಸ ಬಿದ್ದಿತ್ತು. ನಾನು ದಿನಕ್ಕೆ ಮುನ್ನೂರೈವತ್ತು ಕೊಟ್ಟು ಆಳು ಹಿಡಿದಿದ್ದೆ.

ಎಷ್ಟು ದಿನ ಹೋಗಿದ್ದೆವು? ಅದು ಗೊತ್ತಿರುವುದು ಓರಗಿತ್ತಿಗೆ, ಅಂದರೆ ಭಾವನವರ ಹೆಂಡತಿಗೆ. ಬುತ್ತಿ ಕಟ್ಟಿದವಳು ಅವಳೇ. ಆದರೆ ಅವಳು ಹೇಳುವಳೇ?

ಮೂರನೆಯ ದಿನ ಅವರ ಕಣಕ್ಕೆ ಹೋದೆ. ಬೀಜಕ್ಕೆ ಇಟ್ಟ ಕಾಯನ್ನು ಭಾವ ಹರಡುತ್ತಿದ್ದರು, ಓರಗಿತ್ತಿ ಜೊಳ್ಳು ಆರಿಸುತ್ತಿದ್ದಳು.

"ಏನಮ್ಮಾ, ಗುತ್ತಿಗೆ ಕಾಗದ ಬರೆಸಾಣ?"

"ಹೊಲ ಕೊಡಲ್ಲ ಭಾವ." ಮಾತು ಹೊರಗೆ ಬಂತಲ್ಲ ಎಂದು ನನಗೇ ಆಶ್ಚರ್ಯ. ಟ್ರ್ಯಾಕ್ಟರಿನ ಲೆಕ್ಕ ಓದಿದೆ. ಎಕರೆವಾರು ಹಂಚಿದರೆ ನಮ್ಮದು ಹನ್ನೆರಡು ಸಾವಿರ, ನಾಲ್ಕು ಸಾವಿರ ಜಾಸ್ತಿ ಕೊಟ್ಟಿದ್ದೇವೆ ಎಂದೆ.

"ನಿಮ್ ಹೊಲ ಬರೀ ಕಲ್ಲು. ಗುಡ್ಡದ ಮಗ್ಗುಲಾಗೈತೆ. ಗಾಡಿ ತಡೆದು ತಡೆದು ಹೋಗ್ತೈತೆ, ಡೀಸೆಲ್ ಜಾಸ್ತಿ ಕುಡಿತೈತೆ. ಅದ್ಕೇ ಅರ್ಧ."

ಇದನ್ನು ನಾನು ಯೋಚಿಸಿರಲಿಲ್ಲ. ಎಲ್ಲದಕ್ಕೂ ಚಿಂತಿಸುವವಳಿಗೆ ಬೇಕಾದ ಒಂದು ಚಿಂತೆ ಮಾತ್ರ ಹೊಳೆದಿರಲಿಲ್ಲ. "ಹಂಗಾದ್ರೆ ಬರೋ ವರ್ಷದಿಂದ ಮೀಟರ್ ನೋಡಿ ಗಂಟೆ ಲೆಕ್ಕ. ಕಲ್ಲಿಗೆ ಎಷ್ಟು ಹೊತ್ತಾಗ್ತೈತೋ ಅಷ್ಟೇ ಕೊಡ್ತೀನಿ. ಐದಕ್ಕೆ ಮೂರು ಸಮ ಅನ್ನೋದು ಮಾತ್ರ ಯಾವ ಮೀಟರ್‌ನಾಗೂ ಇಲ್ಲ" ಎಂದೆ. ಆಮೇಲೆ ಓರಗಿತ್ತಿಯ ಕಡೆ ತಿರುಗಿದೆ. "ಅಕ್ಕಾ, ನಾನೂ ಮಗಳೂ ನಿಮ್ಮ ಹೊಲಕ್ಕೆ ಎಷ್ಟು ದಿನ ಬಂದ್ವಿ?"

ಅವಳ ಕೈ ಕಾಯಿಯ ಮೇಲೆ ನಿಂತಿತು. ಗಂಡನನ್ನು ನೋಡಿದಳು.

"ಮುಯ್ಯಿಗೆ ಲೆಕ್ಕ ಹಾಕ್ತಾರೇನೇ!" ಎಂದರು ಭಾವ. "ಎಂಥ ಕಾಲ ಬಂತಪ್ಪ."

"ಹದಿನೈದು ದಿನ, ಇಬ್ಬರೂ," ಎಂದಳು ಓರಗಿತ್ತಿ, ಮೊರದಲ್ಲಿನ ಕಾಯಿ ನೋಡುತ್ತಲೇ. "ಮೊದಲ್ನೇ ದಿನ ಮಾವಿನಕಾಯಿ ಚಟ್ನಿ ಕಟ್ಟಿದ್ದೆ, ಕೊನೇ ದಿನ ಹುರುಳಿ. ನಾವು ಅತ್ತೆ ಸೊಸೆ ಇವ್ರ ಹೊಲಕ್ಕೆ ಹೋಗಿದ್ದು ಮೂರೇ ದಿನ. ಬುತ್ತೀನೂ ಇವಳೇ ತಂದಿದ್ಲು."

ನಮ್ಮದು ಮೂವತ್ತಾಳು, ಅವರದು ಆರು. ಬಾಕಿ ಇಪ್ಪತ್ನಾಲ್ಕು. ನಾನು ಕೂಲಿಗೆ ಹಿಡಿದ ಆಳೂ ಸರಿಯಾಗಿ ಇಪ್ಪತ್ನಾಲ್ಕೇ.

ಅಲ್ಲೇ ಕಣದಲ್ಲಿ ಕೂತು ಲೆಕ್ಕ ಮತ್ತೆ ಕೂಡಿದೆ, ಈ ಸಲ ಯಾರ ಹೊಲದಲ್ಲಿ ಯಾರೇ ಬಗ್ಗಿರಲಿ, ಮನೆಯವರೇ ಇರಲಿ, ಬಗ್ಗಿದ ಬೆನ್ನಿಗೆಲ್ಲ ಮುನ್ನೂರೈವತ್ತು ಹಿಡಿದು. ಅವರ ಐದು ಎಕರೆಗೆ ನಮ್ಮ ಮೂವತ್ತು, ಅವರದೇ ಮೂವತ್ತು; ನಮ್ಮ ಮೂರಕ್ಕೆ ಕೂಲಿಯ ಇಪ್ಪತ್ನಾಲ್ಕು, ಅವರ ಆರು, ನಮ್ಮದೇ ಆರು. ಎರಡೂ ಕಡೆ ಎಕರೆಗೆ ಹನ್ನೆರಡು ಆಳು, ನಾಲ್ಕು ಸಾವಿರದ ಇನ್ನೂರು. ಟ್ರ್ಯಾಕ್ಟರ್ ನಾಲ್ಕು ಸಾವಿರ. ಮಿಕ್ಕಿದ್ದು ಹದಿನಾರು. ಎಕರೆಗೆ ಇಪ್ಪತ್ನಾಲ್ಕು ಸಾವಿರದ ಇನ್ನೂರು, ನಾಲ್ಕರಿಂದ ಭಾಗಿಸಿದರೆ ಕ್ವಿಂಟಾಲಿಗೆ ಆರು ಸಾವಿರದ ಐವತ್ತು. ನನಗೂ ಅಷ್ಟೇ, ಭಾವನವರಿಗೂ ಅಷ್ಟೇ. ನನ್ನದು ಲಾಭವೆಂದು ಸಾಧಿಸಲು ಹೋದವಳು, ಇಬ್ಬರದೂ ನಷ್ಟವೆಂದು ಸಾಧಿಸಿ ಕೂತೆ. ನನ್ನ ಗೆಲುವುಗಳೆಲ್ಲ ಹೀಗೆಯೇ.

"ಎಂಟುನೂರು ಉಳೀತು ಅಂದ್ರಲ್ಲ ಭಾವ, ಅದು ನಿಮ್ ಹೊಲದಾಗೆ ಬೆಳೆದಿದ್ದಲ್ಲ. ನಮ್ ಬೆನ್ನಾಗೆ ಬೆಳೆದಿದ್ದು. ನಿಮಗಿಂತ ದಡ್ಡಿಯೇನಲ್ಲ ನಾನು. ನಾಕು ಸಾವಿರ ಕೊಡಿ, ಇಪ್ಪತ್ನಾಲ್ಕು ಆಳು ಕೊಡಿ. ಗುತ್ತಿಗೆ ಮಾತು ಇಲ್ಲಿಗೆ ಮುಗೀತು."

"ಮುಯ್ಯಿಗೆ ದುಡ್ಡು ಕೊಡಲ್ಲ."

"ಕೇಳ್ಲಿಲ್ಲ. ಮುಯ್ಯಿಗೆ ಮುಯ್ಯಿ. ಕಲ್ಲು ಕಲ್ಲು ಅಂದ್ರಲ್ಲ, ಬಂದು ಆರಿಸಿ ಕೊಡಿ."

ಭಾವ ಕಾಯಿ ಕೆದರುವುದನ್ನು ಬಿಟ್ಟು ಹೆಂಡತಿಯ ಮುಖ ನೋಡಿದರು. ಅವಳು ಜೊಳ್ಳು ಕಾಯೊಂದನ್ನು ದೂರಕ್ಕೆ ಎಸೆದಳು. "ಸರ್ಲೆ," ಎಂದರು ಭಾವ, ಆಗಲಿ ಬಿಡು ಎನ್ನುವುದನ್ನು ಆಂಧ್ರದ ಕಡೆಯವರ ಹಾಗೆ. ಸಿಟ್ಟು ಬಂದಾಗ ಅವರಿಗೆ ತೆಲುಗೇ ಬರುವುದು.

ನಾಲ್ಕು ಸಾವಿರ ಎರಡು ಕಂತಿನಲ್ಲಿ ಬಂತು. ಸೋಮವಾರದಿಂದ ಓರಗಿತ್ತಿ, ಅವಳ ಸೊಸೆ ಕಲ್ಲು ತುಂಬಲು ಮಂಕರಿ ಬುಟ್ಟಿ ಹಿಡಿದು ನನ್ನ ಹೊಲಕ್ಕೆ ಬಂದರು. ನಾಲ್ಕು ದಿನಕ್ಕೆ ಎಂಟಾಳು. ಐದನೆಯ ದಿನ, ಮನೆಯಲ್ಲಿ ಮಧ್ಯಾಹ್ನದ ಊಟ ತಣ್ಣಗಿರುವುದು ಸಾಕಾಗಿ ಭಾವನೂ ಬಂದರು. ಸಂಜೆಯವರೆಗೆ ಕಲ್ಲು ಹೊತ್ತು ಬದುವಿಗೆ ಹಾಕಿ, ಸೊಂಟ ಹಿಡಿದು ನಿಂತರು.

"ನಂದು ಒಂದೂವರೆ ಬರಕೋ. ಗಂಡಾಳು ಕೂಲಿ ಬೇರೆ."

ನಾನು ಪುಸ್ತಕ ತೆರೆದೆ. ಅವರು ಹೇಳಿದ್ದರಲ್ಲಿ ನ್ಯಾಯವಿದೆಯೇನೋ, ಊರಲ್ಲಿ ಏನನ್ನುತ್ತಾರೋ, ಮುಂದಿನ ವರ್ಷ ಟ್ರ್ಯಾಕ್ಟರ್ ಕೀಲಿ ಕೊಡದಿದ್ದರೆ ಏನು ಗತಿ, ಎಲ್ಲವೂ ಒಟ್ಟಿಗೆ ಬಂದವು.

"ನನ್ನ ಮಗಳು ನಿಮ್ ಹೊಲದಾಗೆ ಬಗ್ಗಿದಾಗ ಒಂದೇ ಆಳು ಅಲ್ವಾ ಭಾವ?" ಎಂದೆ.

ಅವರ ಕಣ್ಣೆದುರೇ, ಊರಲ್ಲಿ ಹೆಸರಾದ ಆ ಕೈಬರಹದಲ್ಲಿ, ಆ ದಿನಕ್ಕೆ ಮೂರು ಆಳು ಎಂದು ಬರೆದೆ. ಒಟ್ಟು ಹನ್ನೊಂದು. ಇನ್ನೂ ಹದಿಮೂರು ಬಾಕಿ.