ಅರ್ಧ ಸರಳಿನ ಶಗುಫ್ತಾ ಮೇಡಂ

“ಕಾಪಿ ಹೊಡೆದ ಪೇಪರ್ ನಾನು ಓದೂದಿಲ್ಲ, ಮೂಸತೇನಿ! ಇಷ್ಟು ವರ್ಷದಾಗ ಈ ಮೂಗು ಒಮ್ಮೆನೂ ತಪ್ಪಿಲ್ಲ.”

ಬೆಳಗಾವಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೀಗೆಂದು ಮೇಜು ಗುದ್ದಿದವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಪದ್ಮಾಕರ ಸರ್. ಲೋಂಡಾದಲ್ಲಿ ಯಾವನಾದರೂ ಪಕ್ಕದವನ ಹಾಳೆಗೆ ಕಣ್ಣು ಹಾಯಿಸಿದರೆ ಬೆಳಗಾವಿಯಲ್ಲಿ ಈ ಮನುಷ್ಯನಿಗೆ ಸೀನು ಬರುತ್ತಿತ್ತು. ಪರೀಕ್ಷೆಯ ತಿಂಗಳಲ್ಲಿ ಇವರ ಮನೆಯ ಬೆಕ್ಕು ಕೂಡ ಅಕ್ಕಪಕ್ಕ ನೋಡದೆ ನೇರ ನಡೆಯುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಅಂದು ಅವರ ಮುಂದಿದ್ದುದು ನಮ್ಮದೇ ಸಂಸ್ಥೆಯ ಖಾನಾಪುರ ಕಾಲೇಜಿನ ಬಿಎಸ್ಸಿ ಹುಡುಗರ ಟೆಸ್ಟ್ ಪೇಪರುಗಳು. ಪ್ರಶ್ನೆ ಸರಳವಾದದ್ದೇ. ಆರು ಸೆಂಟಿಮೀಟರ್ ಉದ್ದದ ಸರಳು. ಮೀಟರಿಗೆ ಎರಡು ನ್ಯಾನೋಕೂಲಂನಂತೆ ಚಾರ್ಜು ಅದರ ಮೇಲೆ ಸಮನಾಗಿ ಹರಡಿದೆ. ಸರಳಿನ ನಟ್ಟನಡುವಿನಿಂದ ನೇರ ಲಂಬವಾಗಿ ನಾಲ್ಕು ಸೆಂಟಿಮೀಟರ್ ಆಚೆ ವಿದ್ಯುತ್ ಕ್ಷೇತ್ರ ಎಷ್ಟು? ಎರಡನೆಯದು: ಅದೇ ಸರಳು ಬಹಳ, ಬಹಳ ಉದ್ದವಾದರೆ ಎಷ್ಟು?

ಮೊದಲನೆಯದಕ್ಕೆ ಉತ್ತರ ಐದುನೂರ ನಲವತ್ತು. ಖಾನಾಪುರದ ಇಡೀ ತರಗತಿ ಏಳುನೂರ ನಲವತ್ತೊಂಬತ್ತು ಎಂದು ಬರೆದಿತ್ತು. ಒಬ್ಬರದೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೇಲಾಗಿ ಎಲ್ಲರೂ ಹಾಕಿದ ಸೂತ್ರ ನಮ್ಮ ಯಾವ ಪುಸ್ತಕದಲ್ಲೂ ಆ ರೂಪದಲ್ಲಿರಲಿಲ್ಲ. ಎರಡನೆಯದಕ್ಕೆ ಎಲ್ಲರೂ ಒಂಬೈನೂರು ಬರೆದಿದ್ದರು. ಅದು ಸರಿಯಿತ್ತು, ಸರ್ ರೈಟ್ ಹಾಕಿ ಮುಂದೆ ಹೋಗಿದ್ದರು.

“ಖರೇ ಹೇಳ್ರಿ, ಇಷ್ಟು ಮಂದಿಗೆ ಒಂದೇ ತಪ್ಪು ಹೆಂಗ ಹೊಳಿತೈತಿ? ಆ ಬಾಯಿನss ಬೋರ್ಡಿನ ಮ್ಯಾಲ ಬರದು ಕೊಟ್ಟಾಳ!”

ಆ ಬಾಯಿ ಎಂದರೆ ಅಲ್ಲಿ ಭೌತಶಾಸ್ತ್ರ ಕಲಿಸುವ ಶಗುಫ್ತಾ ಮೇಡಂ. ಖಾನಾಪುರದ ಪೇಟೆಯಲ್ಲಿ ಪರದೆ ಹೊಲಿಯುವ ಜಮಾಲಸಾಬರ ಮಗಳು. ಮನೆಯಲ್ಲಿ ದಖನಿ, ತರಗತಿಯಲ್ಲಿ ಕನ್ನಡ, ಹುಡುಗರ ತಾಯಂದಿರೊಂದಿಗೆ ಮರಾಠಿ. ಮೂರರಲ್ಲೂ ಒಂದೇ ಗಟ್ಟಿ ದನಿ. ಆ ದನಿಗೆ ಮಲಪ್ರಭೆಯ ಮೀನುಗಳೂ ನ್ಯೂಟನ್ನನ ನಿಯಮ ಕಲಿತಿವೆ ಎನ್ನುತ್ತಾರೆ. ನೌಕರಿ ಮಾತ್ರ ಕಾಯಂ ಅಲ್ಲ. ವರ್ಷ ವರ್ಷ ಸಂಸ್ಥೆ ಮುಂದುವರಿಸಬೇಕು. ಪದ್ಮಾಕರ ಸರ್ ವರದಿಯಲ್ಲಿ ‘ಕಾಪಿ’ ಎಂದು ಬರೆದರೆ ಆ ವರ್ಷದಿಂದಲೇ ಮೇಡಂ ಮನೆಗೆ, ಹುಡುಗರ ಫಲಿತಾಂಶ ಕಪಾಟಿಗೆ.

ಚೌಕಶಿಗೆ ಸರ್ ಹೊರಟರು. ಜೊತೆಗೊಬ್ಬ ಸಾಕ್ಷಿದಾರ ಬೇಕೆಂದು ನನ್ನನ್ನು ಎಳೆದುಕೊಂಡರು. ಹೊಸ ಪ್ರಶ್ನೆಯೊಂದನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ನನಗೆ ಹೇಳಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ಹಣೆ ಮುಚ್ಚಿಕೊಂಡರು.

ಕಾಲೇಜಿನಲ್ಲಿ ಬೆಂಚು ಬಗ್ಗಿ ನೋಡಿದರು, ಫ್ಯಾನಿನ ರೆಕ್ಕೆ ನೋಡಿದರು. ಜವಾನ ಈರಣ್ಣ ಚಹಾ ತಂದರೆ ಕಪ್ಪಿನ ಕೆಳಗಿನ ಬಸಿಯ ತಳ ತಿರುವಿ ನೋಡಿದರು.

“ಅದರಾಗ ಸಕ್ಕರಿ ಬಿಟ್ರ ಏನೂ ಬರದಿಲ್ರಿ ಸಾಹೇಬ್ರ,” ಎಂದ ಈರಣ್ಣ.

ಮೇಡಂ ಬಾಗಿಲಲ್ಲಿ ನಿಂತಿದ್ದರು. “ಸರ್, ನನ್ನ ಹುಡುಗರು ದಡ್ಡ ಇರಬಹುದು, ಕಳ್ಳ ಅಲ್ಲ. ನೀವss ಕೇಳಿ ನೋಡ್ರಿ. ನಾ ಹೊರಗ ಕುಂದರತೇನಿ.”

ಪ್ರಾಚಾರ್ಯರ ಕೋಣೆಗೆ ಒಬ್ಬೊಬ್ಬರನ್ನೇ ಕರೆದರು. ಮುಗಿಸಿದವರು ಉಳಿದವರ ಬಳಿ ಹೋಗದಂತೆ ನನ್ನನ್ನು ಕಾವಲಿಟ್ಟರು. ಎಂಟು ಸೆಂಟಿಮೀಟರಿನ ಸರಳು, ನಡುವಿನಿಂದ ಮೂರು ಸೆಂಟಿಮೀಟರ್ ಆಚೆ, ಅದೇ ಚಾರ್ಜು. ಬರಬೇಕಾದದ್ದು ಒಂಬೈನೂರ ಅರವತ್ತು. ರೋಹನ ಬರೆದ: ಸಾವಿರದ ನೂರ ಇಪ್ಪತ್ನಾಲ್ಕು. ನಾಗಲಿಂಗ ಬರೆದ: ಸಾವಿರದ ನೂರ ಇಪ್ಪತ್ನಾಲ್ಕು. ಮುದಸ್ಸರನೂ ಅದನ್ನೇ ಬರೆದಾಗ ಸರ್ ನನ್ನತ್ತ ತಿರುಗಿದರು.

“ನೀವೇನರ ಬಾಯಿ ಬಿಟ್ರೇನ್ರಿ?”

“ನನಗ ಪ್ರಶ್ನಿನೇ ಗೊತ್ತಿರಲಿಲ್ಲರಿ.”

“ಹಂಗಾದ್ರ ಕಿಟಕ್ಯಾಗಿಂದ ಹೋಗೇತಿ,” ಎಂದು ಕಿಟಕಿ ಹಾಕಿಸಿದರು. ಒಬ್ಬೊಬ್ಬರಿಗೆ ಒಂದೊಂದು ಅಳತೆ ಕೊಟ್ಟರು. ಉತ್ತರಗಳು ಬೇರೆ ಬೇರೆ ಬಂದವು, ಎಲ್ಲವೂ ತಪ್ಪು, ಎಲ್ಲವೂ ಇರಬೇಕಾದದ್ದಕ್ಕಿಂತ ಹೆಚ್ಚು. ಸರ್ ಮೂಗು ಒರೆಸಿಕೊಂಡರು. ಪಕ್ಕದವನ ಹಾಳೆಯಲ್ಲಿ ಬೇರೆಯೇ ಸರಳಿದ್ದರೆ ನೋಡಿ ಬರೆಯುವುದಾದರೂ ಏನನ್ನು? ಆ ಮೂಗಿಗೆ ಅಂದು ಮೊದಲ ಸಲ ವಾಸನೆ ಸಿಗಲಿಲ್ಲ.

ಕೊನೆಗೆ ಸಾಕ್ಷಿ ಎಂಬ ಹುಡುಗಿಗೆ, “ಬೋರ್ಡಿನ ಮ್ಯಾಲ ಚಿತ್ರ ಬರದು ತೋರಸವಾ. ಆ ಎಂಟು ಸೆಂಟಿಮೀಟರಿಂದು,” ಎಂದರು. ಮೇಡಂ ಅವರನ್ನೂ ಒಳಗೆ ಕರೆಸಿದರು, ಮುಖದ ಬಣ್ಣ ನೋಡಲು.

ಸಾಕ್ಷಿ ಸರಳು ಎಳೆದು ನಡುವೆ ಚುಕ್ಕೆ ಇಟ್ಟಳು, ಅದರ ನೇರಕ್ಕೆ ಆಚೆ ಒಂದು ಬಿಂದು ಗುರುತಿಸಿದಳು. “ಈ ಎಡಗಡಿ ಚಾರ್ಜು ಬಲಕ್ಕ ದೂಡತೈತ್ರಿ, ಬಲಗಡೀದು ಎಡಕ್ಕ. ಎರಡೂ ಸಮ, ಅಡ್ಡ ಜಗಳ ಅಲ್ಲೇ ಮುಗೀತು. ಮುಂದಕ್ಕ ದೂಡೂದು ಅಷ್ಟss ಕೂಡತೈತಿ. ಬಹಳ ಉದ್ದ ಸರಳಿಂದು ಎಷ್ಟು ಬರತೈತಿ, ಅದನ್ನ ಅರ್ಧ ಉದ್ದದಿಂದ ಗುಣಿಸಿ, ತುದಿಯಿಂದ ಆ ಬಿಂದುವಿಗೆ ಓರೆ ದೂರ ಎಷ್ಟೈತಿ, ಅದರಿಂದ ಭಾಗಿಸೂದ್ರಿ.”

ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಚುಕ್ಕೆಯಿಂದ ಬಲತುದಿಯವರೆಗೆ ಬಾಣ ಎಳೆದು ಅವಳು ಬರೆದದ್ದು: ಎಂಟು.

ಮೇಡಂ ಮುಖದ ಬಣ್ಣ ಬದಲಾಯಿತು. ಪದ್ಮಾಕರ ಸರ್ ಕಣ್ಣು ಅರಳಿಸಿದರು. ಮೇಡಂ ಮೆಲ್ಲಗೆ ಕೇಳಿದರು, “ಸಾಕ್ಷಿ, ಎಡಗಡಿ ಎಷ್ಟೈತಿ?”

“ಅದೂ ಎಂಟss ರಿ.”

“ಹಂಗಾರ ಇಡೀ ಸರಳು?”

“ಹದಿನಾ… ಅಯ್ಯ!” ಹುಡುಗಿ ಸೀಮೆಸುಣ್ಣ ಕೈಬಿಟ್ಟಳು.

ಮೇಡಂ ಅದನ್ನು ಎತ್ತಿಕೊಂಡರು. “ತಪ್ಪು ನಂದು ಸರ್. ಅಪ್ಪನ ಅಂಗಡಿಯಿಂದ ಪರದೆ ಸರಳು ತಂದು, ನಡುವ ದಾರ ಕಟ್ಟಿ ಕಲಸತೇನಿ. ದಾರದಿಂದ ತುದಿತನಕ ‘ಎಲ್’ ಅಂತೇನಿ. ಲೆಕ್ಕ ಹಗರ ಆಗತೈತಿ. ನಿಮ್ಮ ಪ್ರಶ್ನೆದಾಗ ಉದ್ದ ಅಂದ್ರ ತುದಿಯಿಂದ ತುದಿ. ಈ ಹುಡುಗರು ಟೆಸ್ಟಿನ ಆರನ್ನ ತಂದು ಅರ್ಧದ ಜಾಗಾದಾಗ ಇಟ್ಟಾರ.”

“ವರ್ಷಗಟ್ಟಲೆ ಕಲಸೀರಿ. ಗೊತ್ತss ಆಗಲಿಲ್ಲೇನು?”

“ಹೆಂಗ ಆಗಬೇಕ್ರಿ? ಉತ್ತರ ಬಂದ ಕೂಡಲೇ ಸರಳು ಉದ್ದ ಮಾಡಿ ನೋಡ್ರಿ ಅಂತೇನಿ. ಎಳಕೋತ ಹೋದ್ರ ಅರ್ಧ ಉದ್ದಕ್ಕೂ ಓರೆ ದೂರಕ್ಕೂ ಫರಕss ಉಳಿಯೂದಿಲ್ಲ. ಅರ್ಧ ಹಾಕ್ರಿ, ಇಡೀ ಹಾಕ್ರಿ, ಭಾಗಾಕಾರ ಒಂದರ ಹತ್ತಿರಕ್ಕss ಹೋಗತೈತಿ. ತಪ್ಪಿದವರೂ ಅಲ್ಲಿ ಪಾಸು.”

ಸರ್ ನಾಲ್ಕನ್ನು ಅರ್ಧದ ಜಾಗದಲ್ಲಿಟ್ಟು ತಾವೇ ಲೆಕ್ಕ ಮಾಡಿದರು. ಓರೆ ದೂರ ಐದು. ಐದರಲ್ಲಿ ನಾಲ್ಕು ಪಾಲು. ಮೂರು ಸೆಂಟಿಮೀಟರ್ ಆಚೆ ಬಹಳ ಉದ್ದ ಸರಳಿನದು ಸಾವಿರದ ಇನ್ನೂರು, ಅದರಲ್ಲಿ ಆ ಪಾಲು ಒಂಬೈನೂರ ಅರವತ್ತು. ಪುಸ್ತಕದಲ್ಲಿಲ್ಲದ ಆ ಸೂತ್ರ ಮಿಸುಕದೆ ಸರಿಯುತ್ತರ ಕೊಟ್ಟಿತು. ಅವರು ಇನ್ನೊಮ್ಮೆ ಮಾಡಿದರು, ಅದರ ಮೇಲೂ ಸಂಶಯವಿದ್ದಂತೆ.

ವರದಿಯಲ್ಲಿ ‘ಕಾಪಿ ಅಲ್ಲ, ಕಲಿಕೆಯ ದೋಷ’ ಎಂದು ಬರೆದರು. ಮೊದಲ ಉತ್ತರಕ್ಕೆ ಅಂಕ ಕಡಿತ, ಮೇಡಂ ಆ ಪಾಠವನ್ನು ಮತ್ತೊಮ್ಮೆ ಮಾಡಬೇಕು, ಉಳಿದಂತೆ ತೊಂದರೆಯಿಲ್ಲ. ಇಷ್ಟು ಬರೆಯಲು ಅವರ ಪೆನ್ನು ಖಾನಾಪುರದಿಂದ ಗೋವೆಯವರೆಗೆ ನಡೆದು ಬಂದಷ್ಟು ದಣಿಯಿತು.

ಸಹಿ ಮಾಡುವ ಮುನ್ನ ತಲೆಯೆತ್ತಿ, “ಏನss ಅನ್ರಿ, ಇಡೀ ಕ್ಲಾಸು ಒಂದೇ ಉತ್ತರ ಬರದ್ರ ಯಾರಿಗಾದ್ರೂ ಸಂಶೇ ಬರೂದss,” ಎಂದರು.

ಮೇಡಂ ಪೆನ್ನಿನ ಮುಚ್ಚಳ ಅವರತ್ತ ಸರಿಸಿದರು.

“ಎರಡನೇ ಪ್ರಶ್ನಿಗೆ ಇಡೀ ಕ್ಲಾಸು ಒಂಬೈನೂರು ಬರದೈತ್ರಿ ಸರ್. ಅದರ ಚೌಕಶಿಗೆ ಯಾವಾಗ ಬರತೀರಿ?”